ವಾಕ್ಯಕ್ಕೊಂದು ಆಧಾರ: ಪರಿಶೀಲನಾ ಸಾರಾಂಶವನ್ನು ತಿದ್ದಿ ಬರೆಯುವ ಕ್ರಮ

ಕೆಲಸಕ್ಕೆ ಅರ್ಜಿ ಹಾಕಿದವರ ಬಗ್ಗೆ ಅವರ ಹಿಂದಿನ ಸಂಸ್ಥೆಯಲ್ಲಿ ವಿಚಾರಿಸಿ, ಅಲ್ಲಿ ದೊರೆತ ಉತ್ತರಗಳನ್ನು ಒಂದೆರಡು ಪುಟಗಳಲ್ಲಿ ಒಟ್ಟುಗೂಡಿಸಿ ಆಯ್ಕೆ ಸಮಿತಿಯ ಮುಂದಿಡುವ ಬರಹವನ್ನು ಪರಿಶೀಲನಾ ಸಾರಾಂಶ ಎನ್ನಬಹುದು. ಈ ವಿಚಾರಣೆಗೆ ಕಚೇರಿಗಳಲ್ಲಿ ಬಳಕೆಯಲ್ಲಿರುವ ಹೆಸರು ರೆಫರೆನ್ಸ್ ಚೆಕ್. ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿಯಂಥ ಊರುಗಳಲ್ಲಿ ಒಂದು ಸಂಸ್ಥೆಯ ನೌಕರರು ಮತ್ತೊಂದರ ನೌಕರರಿಗೆ ನೆಂಟರೋ ಗೆಳೆಯರೋ ಆಗಿರುವುದು ಸಾಮಾನ್ಯವಾದ್ದರಿಂದ, ಇಂಥ ಬರಹದಲ್ಲಿ ಕಡತದ ಸಂಗತಿಯೂ ಊರಿನ ಮಾತೂ ಬೇಗನೆ ಬೆರೆತುಹೋಗುತ್ತವೆ. ಅವೆರಡನ್ನೂ ಬೇರ್ಪಡಿಸುವ ಬಗೆಯನ್ನು ಇಬ್ಬರ ಸಂವಾದದ ಮೂಲಕ ಇಲ್ಲಿ ವಿವರಿಸಲಾಗಿದೆ. ಒಬ್ಬರು ಹೊಸಪೇಟೆಯ ಪತ್ತಿನ ಸೌಹಾರ್ದ ಸಹಕಾರಿಯೊಂದರ ಸಿಬ್ಬಂದಿ ವಿಭಾಗದ ವ್ಯವಸ್ಥಾಪಕಿ. ಇನ್ನೊಬ್ಬರು ಹರಪನಹಳ್ಳಿಯ ನ್ಯಾಯಾಲಯದಲ್ಲಿ ಬಹುಕಾಲ ವಕೀಲಿ ನಡೆಸಿದ ಹಿರಿಯರು. ಚರ್ಚೆಗೆ ಬರುವ ಅಭ್ಯರ್ಥಿ ಮತ್ತು ಸಾರಾಂಶ ಎರಡೂ ವಿವರಣೆಗೆಂದೇ ರೂಪಿಸಿದ ಮಾದರಿಗಳು. ಕಾನೂನಿನ ಸಂಗತಿಗಳು ಮಾತ್ರ ವಾಸ್ತವವಾದವು.

ವ್ಯವಸ್ಥಾಪಕಿ: ವಕೀಲ ಸಾಹೇಬರೇ, ಗುಮಾಸ್ತರ ಹುದ್ದೆಗೆ ಅರ್ಜಿ ಹಾಕಿದವರೊಬ್ಬರು ಹರಪನಹಳ್ಳಿಯ ಒಂದು ಪತ್ತಿನ ಸಹಕಾರಿಯಲ್ಲಿ ನಾಲ್ಕು ವರ್ಷ ಇದ್ದವರು. ಕಚೇರಿಯ ಸಹಾಯಕರು ಅಲ್ಲಿನ ಮೂವರೊಂದಿಗೆ ಫೋನಿನಲ್ಲಿ ಮಾತನಾಡಿ ಈ ಸಾರಾಂಶ ಬರೆದುಕೊಟ್ಟಿದ್ದಾರೆ: "ಅಭ್ಯರ್ಥಿ 2019ರಿಂದ 2023ರವರೆಗೆ ಪಿಗ್ಮಿ ಏಜೆಂಟ್ ಆಗಿದ್ದರು; ಕೊಟ್ಟ ಪತ್ರಗಳಲ್ಲಿ ಜಿಲ್ಲೆಯ ಹೆಸರು ಬೇರೆ ಬೇರೆ ಇರುವುದರಿಂದ ದಾಖಲೆ ಅನುಮಾನಾಸ್ಪದ. ಕೆಲಸದಲ್ಲಿ ಚುರುಕು, ಆದರೆ ಕೈ ಶುದ್ಧವಿಲ್ಲ ಎಂಬ ಮಾತಿದೆ. ಪಿಗ್ಮಿ ಹಣ ದುರುಪಯೋಗ ಮಾಡಿದ್ದಾರೆ. ಮನೆಯಲ್ಲಿ ಕಾಯಿಲೆ ಕಸಾಲೆ ಎಂದು ಮೇಲಿಂದ ಮೇಲೆ ರಜೆ. ಕೊನೆಗೆ ಸಂಸ್ಥೆಯವರೇ ತೆಗೆದುಹಾಕಿದ್ದಾರೆ. ಕಾರ್ಮಿಕ ಇಲಾಖೆಗೆ ದೂರು ಕೊಟ್ಟವರು. ಇಂಥವರನ್ನು ತೆಗೆದುಕೊಳ್ಳುವುದು ಬೇಡ." ಇದನ್ನು ಸಮಿತಿಯ ಮುಂದಿಡುವ ಮೊದಲು ಸ್ವಲ್ಪ ಮೃದುಗೊಳಿಸಿದರೆ ಸಾಲದೇ?

ವಕೀಲರು: ಮೃದುಗೊಳಿಸುವುದು ಇಲ್ಲಿಯ ಮದ್ದಲ್ಲ, ತಾಯಿ. ಇದರ ಪ್ರತಿಯೊಂದು ವಾಕ್ಯಕ್ಕೂ ಮೂರು ಪ್ರಶ್ನೆಗಳನ್ನು ಹಾಕಬೇಕು: ಇದನ್ನು ಹೇಳಿದವರು ಯಾರು, ಅವರಿಗೆ ಇದು ತಿಳಿದದ್ದು ಹೇಗೆ, ಇದು ಯಾವಾಗಿನ ಸಂಗತಿ? ಮೂರಕ್ಕೂ ಉತ್ತರವಿರುವ ವಾಕ್ಯ, ಅದು ಅಭ್ಯರ್ಥಿಗೆ ಎಷ್ಟೇ ಪ್ರತಿಕೂಲವಾಗಿದ್ದರೂ, ಕೆಲಸಕ್ಕೆ ಸಂಬಂಧಪಟ್ಟಿದ್ದರೆ ಉಳಿಯಬೇಕು; ಉತ್ತರವಿಲ್ಲದ ವಾಕ್ಯ ಎಷ್ಟೇ ಸೌಮ್ಯವಾಗಿದ್ದರೂ ಹೋಗಬೇಕು. ಹಾಗಾಗಿ ಮೊದಲು ಬೇಕಾದದ್ದು ಈ ಸಾರಾಂಶವಲ್ಲ, ಫೋನಿನಲ್ಲಿ ಮಾತನಾಡುವಾಗ ಸಹಾಯಕರು ಗುರುತು ಹಾಕಿಕೊಂಡ ಟಿಪ್ಪಣಿ ಮತ್ತು ಅಭ್ಯರ್ಥಿ ಕೊಟ್ಟ ಕಾಗದಪತ್ರಗಳು.

ವ್ಯವಸ್ಥಾಪಕಿ: ಅವೆಲ್ಲವೂ ಇಲ್ಲಿವೆ. ಮೊದಲನೆಯವರು ಆ ಸಹಕಾರಿಯ ಪ್ರಧಾನ ಕಚೇರಿಯ ವ್ಯವಸ್ಥಾಪಕರು. ಅವರು ಕಡತ ತೆರೆದಿಟ್ಟುಕೊಂಡು ಮಾತನಾಡಿ, ಆಮೇಲೆ ಪತ್ರವನ್ನೂ ಕಳುಹಿಸಿದ್ದಾರೆ. ಎರಡನೆಯವರು ಕೊಟ್ಟೂರು ಶಾಖೆಯ ಮುಖ್ಯಸ್ಥರು; ಅಭ್ಯರ್ಥಿಯು ಕೊನೆಯ ಇಪ್ಪತ್ತು ತಿಂಗಳು ಅವರ ಕೈಕೆಳಗೆ ಕೆಲಸ ಮಾಡಿದ್ದಾರೆ. ಮೂರನೆಯವರು ಒಬ್ಬ ಹಳೆಯ ಸಹೋದ್ಯೋಗಿ, ಸಹಾಯಕರಿಗೆ ಪರಿಚಿತರು.

ವಕೀಲರು: ಯಾರ್ಯಾರನ್ನು ವಿಚಾರಿಸಬಹುದೆಂದು ಅಭ್ಯರ್ಥಿ ಸಹಿ ಹಾಕಿಕೊಟ್ಟ ಒಪ್ಪಿಗೆ ಪತ್ರವಿದೆಯೇ?

ವ್ಯವಸ್ಥಾಪಕಿ: ಇದೆ. ಅದರಲ್ಲಿ ಮೊದಲಿನ ಇಬ್ಬರ ಹೆಸರುಗಳಷ್ಟೇ ಇವೆ.

ವಕೀಲರು: ಹಾಗಿದ್ದರೆ ಮೂರನೆಯವರ ಮಾತು ಬಂದದ್ದೇ ಒಪ್ಪಿಗೆಯ ಗೆರೆಯ ಆಚೆಯಿಂದ. ವೈಯಕ್ತಿಕ ಮಾಹಿತಿಯನ್ನು ನಿರ್ದಿಷ್ಟ ಉದ್ದೇಶಕ್ಕೆ, ಅಗತ್ಯವಿದ್ದಷ್ಟೇ ಬಳಸಬೇಕೆಂಬ ತತ್ವದ ಮೇಲೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನಿಂತಿದೆ. ಆ ಕಾಯ್ದೆಯನ್ನು ಬದಿಗಿಟ್ಟು ನೋಡಿದರೂ, ಇಬ್ಬರನ್ನು ಕೇಳಲು ಒಪ್ಪಿಗೆ ಪಡೆದು ಮೂರನೆಯವರನ್ನು ಗುಟ್ಟಾಗಿ ಕೇಳುವುದು ನ್ಯಾಯವಲ್ಲ. ಇನ್ನು "ಕೈ ಶುದ್ಧವಿಲ್ಲ ಎಂಬ ಮಾತಿದೆ" ಎಂಬ ವಾಕ್ಯ ಬಂದದ್ದು ಈ ಮೂರನೆಯವರಿಂದಲೇ ಇರಬೇಕು.

ವ್ಯವಸ್ಥಾಪಕಿ: ಹೌದು. ಆದರೆ ಸಹಾಯಕರ ಸಮಜಾಯಿಷಿ ಹೀಗಿದೆ: ಕೈ ಶುದ್ಧವಿಲ್ಲ ಎಂದು ಬರೆದಿಲ್ಲ, ಹಾಗೊಂದು ಮಾತಿದೆ ಎಂದಷ್ಟೇ ಬರೆದದ್ದು, ಮಾತಿರುವುದಂತೂ ನಿಜ.

ವಕೀಲರು: ಕಾನೂನು ಆ ಸಮಜಾಯಿಷಿಯನ್ನು ಒಪ್ಪುವುದಿಲ್ಲ. ಒಬ್ಬರ ಹೆಸರಿಗೆ ಕುಂದು ತರುವ ಮಾತನ್ನು ಮೂರನೆಯ ವ್ಯಕ್ತಿಗೆ ತಲುಪಿಸುವುದೇ ಮಾನಹಾನಿಯ ತಿರುಳು, ಇನ್ನೊಬ್ಬರು ಹೇಳಿದ್ದನ್ನು ಪುನಃ ಹೇಳಿದವರೂ ಅದಕ್ಕೆ ಹೊಣೆಗಾರರೇ. ಮಾನಹಾನಿಯು ಭಾರತದಲ್ಲಿ ಎರಡು ದಾರಿಗಳಲ್ಲಿ ನ್ಯಾಯಾಲಯಕ್ಕೆ ಬರುತ್ತದೆ. ಒಂದು ಸಿವಿಲ್ ದಾವೆ, ಅಂದರೆ ಹೆಸರಿಗಾದ ನಷ್ಟಕ್ಕೆ ಪರಿಹಾರ ಕೇಳುವುದು. ಇನ್ನೊಂದು ಕ್ರಿಮಿನಲ್ ದೂರು. ಹಿಂದೆ ಭಾರತೀಯ ದಂಡ ಸಂಹಿತೆಯ 499 ಮತ್ತು 500ನೇ ಕಲಂಗಳಲ್ಲಿದ್ದ ಈ ಅಪರಾಧ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿದೆ. ಎರಡು ವರ್ಷಗಳವರೆಗಿನ ಸಾದಾ ಸಜೆ, ಜುಲ್ಮಾನೆ, ಅಥವಾ ಎರಡೂ, ಇಲ್ಲವೇ ಸಮುದಾಯ ಸೇವೆ ಅದರ ಶಿಕ್ಷೆ.

ವ್ಯವಸ್ಥಾಪಕಿ: ಹಾಗಾದರೆ ಅಭ್ಯರ್ಥಿಗೆ ಪ್ರತಿಕೂಲವಾದ ಏನನ್ನೂ ಬರೆಯದಿರುವುದೇ ಕ್ಷೇಮವಲ್ಲವೇ? ಎಷ್ಟೋ ಕಡೆ ಸೇರಿದ ತಾರೀಖು, ಬಿಟ್ಟ ತಾರೀಖು ಮತ್ತು ಹುದ್ದೆಯ ಹೆಸರು ಇವಿಷ್ಟನ್ನೇ ಹೇಳಿ ಕೈತೊಳೆದುಕೊಳ್ಳುತ್ತಾರೆ.

ವಕೀಲರು: ಅಷ್ಟು ಭಯಪಡುವ ಅಗತ್ಯವನ್ನು ಕಾನೂನು ಇಟ್ಟಿಲ್ಲ. ಅದೇ ಕಲಮಿನಲ್ಲಿ ಹತ್ತು ವಿನಾಯಿತಿಗಳಿವೆ. ಸ್ವಂತದ ಅಥವಾ ಬೇರೊಬ್ಬರ ಹಿತವನ್ನು ಕಾಪಾಡಲು ಸದ್ಭಾವನೆಯಿಂದ ಹೇಳಿದ ಮಾತು ಒಂಬತ್ತನೆಯ ವಿನಾಯಿತಿಗೆ ಸೇರುತ್ತದೆ. ಕೇಳುವವರ ಒಳಿತಿಗಾಗಿ ಸದ್ಭಾವನೆಯಿಂದ ಕೊಟ್ಟ ಎಚ್ಚರಿಕೆ ಹತ್ತನೆಯದಕ್ಕೆ ಸೇರುತ್ತದೆ. ಒಂಬತ್ತನೆಯದಕ್ಕೆ ಕಾನೂನೇ ಕೊಟ್ಟಿರುವ ನಿದರ್ಶನ ಒಬ್ಬ ಅಂಗಡಿಯವನದು: ಇಂಥವರಿಗೆ ನಗದು ಕೊಟ್ಟ ಹೊರತು ಸಾಮಾನು ಕೊಡಬೇಡ, ಅವರ ಪ್ರಾಮಾಣಿಕತೆಯ ಬಗ್ಗೆ ಭರವಸೆಯಿಲ್ಲ ಎಂದು ತನ್ನ ವ್ಯಾಪಾರ ನೋಡಿಕೊಳ್ಳುವವನಿಗೆ ಅವನು ಹೇಳಬಹುದು. ಸಿವಿಲ್ ದಾವೆಯಲ್ಲೂ ಇದಕ್ಕೆ ಸರಿಸಾಟಿಯಾದ ರಕ್ಷಣೆಯುಂಟು; ಹೇಳಬೇಕಾದ ಕರ್ತವ್ಯವಿರುವವರು ಕೇಳಬೇಕಾದ ಹಿತಾಸಕ್ತಿಯುಳ್ಳವರಿಗೆ ದ್ವೇಷವಿಲ್ಲದೆ ಹೇಳಿದ ಮಾತಿಗೆ ದೊರೆಯುವ ಆ ರಕ್ಷಣೆಯನ್ನು ಸೀಮಿತ ವಿಶೇಷಾಧಿಕಾರ ಎನ್ನಬಹುದು. ಆದರೆ ಕ್ರಿಮಿನಲ್ ಕಾನೂನಿನ ಈ ಎರಡೂ ವಿನಾಯಿತಿಗಳಿಗೆ ಬಾಗಿಲು ಸದ್ಭಾವನೆ. ಕೆಟ್ಟ ಉದ್ದೇಶವಿಲ್ಲದಿದ್ದ ಮಾತ್ರಕ್ಕೆ ಸದ್ಭಾವನೆ ಇತ್ತೆಂದು ಅದು ಒಪ್ಪುವುದಿಲ್ಲ. ಸಾಕಷ್ಟು ಎಚ್ಚರಿಕೆ ಮತ್ತು ಗಮನ ಇಲ್ಲದೆ ಮಾಡಿದ್ದು ಸದ್ಭಾವನೆಯೇ ಅಲ್ಲ ಎಂಬುದು ಅದರ ವ್ಯಾಖ್ಯೆ. ಎಂದರೆ ಬರೆದವರು ಒಳ್ಳೆಯವರೆಂದು ತೋರಿಸಿದರೆ ಸಾಲದು, ವಿಚಾರಿಸಿ ಬರೆದರೆಂದು ತೋರಿಸಬೇಕು.

ವ್ಯವಸ್ಥಾಪಕಿ: ಬರೆದದ್ದು ನಿಜವಾಗಿದ್ದರೆ ಅಷ್ಟೇ ಸಾಲದೇ?

ವಕೀಲರು: ಸಿವಿಲ್ ದಾವೆಯಲ್ಲಿ ಸತ್ಯವನ್ನು ಸಾಬೀತುಪಡಿಸಿದರೆ ಸಾಕು. ಕ್ರಿಮಿನಲ್ ಪ್ರಕರಣದಲ್ಲಿ ಸತ್ಯದ ವಿನಾಯಿತಿ ಬೇಕೆಂದರೆ ಮಾತು ನಿಜವಾಗಿರುವುದರ ಜೊತೆಗೆ ಅದನ್ನು ಹೇಳಿದ್ದು ಸಾರ್ವಜನಿಕ ಒಳಿತಿಗಾಗಿ ಎಂಬುದೂ ಸಿದ್ಧವಾಗಬೇಕು. ಆದ್ದರಿಂದಲೇ ಕೆಲಸಕ್ಕೆ ಸಂಬಂಧಪಡದ ನಿಜ ಸಾರಾಂಶದಲ್ಲಿ ಇರಬಾರದು. ಈಗ ಮೊದಲ ವಾಕ್ಯದಿಂದ ನೋಡೋಣ. ಪತ್ರಗಳು ಏನು ಹೇಳುತ್ತವೆ?

ವ್ಯವಸ್ಥಾಪಕಿ: ಪ್ರಧಾನ ಕಚೇರಿಯ ಪತ್ರದ ಪ್ರಕಾರ 2019ರ ಜೂನ್ 3ರಿಂದ 2021ರ ಡಿಸೆಂಬರ್ 31ರವರೆಗೆ ಹರಪನಹಳ್ಳಿಯಲ್ಲಿ ಕಮಿಷನ್ ಆಧಾರದ ಪಿಗ್ಮಿ ಸಂಗ್ರಾಹಕರು, 2022ರ ಜನವರಿ 1ರಿಂದ 2023ರ ಆಗಸ್ಟ್ 31ರವರೆಗೆ ಕೊಟ್ಟೂರು ಶಾಖೆಯಲ್ಲಿ ಸಂಬಳದ ಗುಮಾಸ್ತರು.

ವಕೀಲರು: ಹಾಗಾದರೆ "2019ರಿಂದ 2023ರವರೆಗೆ ಪಿಗ್ಮಿ ಏಜೆಂಟ್" ಎಂಬುದು ಅರ್ಧ ತಪ್ಪು, ಮತ್ತು ಆ ತಪ್ಪು ಅಭ್ಯರ್ಥಿಗೆ ನಷ್ಟ ತರುವಂಥದ್ದು, ಏಕೆಂದರೆ ಅರ್ಜಿ ಹಾಕಿರುವುದು ಗುಮಾಸ್ತಿಕೆಗೆ, ಅವರ ಗುಮಾಸ್ತಿಕೆಯ ಅನುಭವವೇ ಇಲ್ಲಿ ಅಳಿಸಿಹೋಗಿದೆ. ಅಂಗಡಿ ಅಂಗಡಿಗೆ ಹೋಗಿ ದಿನದಿನದ ಸಣ್ಣ ಉಳಿತಾಯ ಸಂಗ್ರಹಿಸುವ ಪಿಗ್ಮಿ ಪದ್ಧತಿಯು 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕಿನಿಂದ ಆರಂಭವಾಯಿತು. ಕಮಿಷನ್ ಪಡೆಯುವ ಈ ಸಂಗ್ರಾಹಕರು ಕೇವಲ ಏಜೆಂಟರೋ ಕೆಲಸಗಾರರೋ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2001ರಲ್ಲಿ ಅದೇ ಬ್ಯಾಂಕಿನ ಸಂಗ್ರಾಹಕರ ಪ್ರಕರಣದಲ್ಲಿ ಅವರು ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕೆಲಸಗಾರರೇ ಎಂದು ತೀರ್ಪಾಯಿತು. ಆದ್ದರಿಂದ ಸಾರಾಂಶ ಬರೆಯುವವರು ಏಜೆಂಟ್ ಎಂಬ ಹಣೆಪಟ್ಟಿಯನ್ನು ಸ್ವಂತಕ್ಕೆ ಅಂಟಿಸದೆ, ನೇಮಕಾತಿ ಪತ್ರದಲ್ಲಿ ಇರುವ ಪದನಾಮವನ್ನೇ ಎತ್ತಿ ಬರೆಯಬೇಕು. ಜಿಲ್ಲೆಯ ಹೆಸರಿನ ಸಂಗತಿ ಏನು?

ವ್ಯವಸ್ಥಾಪಕಿ: 2019ರ ನೇಮಕಾತಿ ಪತ್ರದ ತಲೆಬರಹದಲ್ಲಿ ಹರಪನಹಳ್ಳಿ, ದಾವಣಗೆರೆ ಜಿಲ್ಲೆ ಎಂದಿದೆ. 2021ರ ಒಂದು ಪತ್ರದಲ್ಲಿ ಬಳ್ಳಾರಿ ಜಿಲ್ಲೆ. 2023ರ ಬಿಡುಗಡೆ ಪತ್ರದಲ್ಲಿ ವಿಜಯನಗರ ಜಿಲ್ಲೆ. ಕಚೇರಿಯ ಬಾಗಿಲ ಸಂಖ್ಯೆ ಮಾತ್ರ ಮೂರರಲ್ಲೂ ಒಂದೇ.

ವಕೀಲರು: ಇದರಲ್ಲಿ ಅನುಮಾನಪಡುವಂಥದ್ದು ಏನೂ ಇಲ್ಲ. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು, ಮುಂದೆ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಅದರ ಭಾಗವಾಯಿತು. ಅಚ್ಚು ಹಾಕಿಸಿದ ಹಳೆಯ ತಲೆಬರಹದ ಕಾಗದ ಮುಗಿಯುವವರೆಗೆ ಬಳಸುವುದು ಎಲ್ಲ ಕಚೇರಿಗಳ ರೂಢಿ. ಬೆಂಗಳೂರಿನ ಪರಿಶೀಲನಾ ಸಂಸ್ಥೆಯೊಂದಕ್ಕೆ ಇದು ತಿಳಿಯದೆ ಹೋಗಬಹುದು. ವಿಜಯನಗರ ಜಿಲ್ಲೆಯಲ್ಲೇ ಕುಳಿತವರು ಇದನ್ನು ಅನುಮಾನಾಸ್ಪದ ಎಂದು ಬರೆಯಬಾರದು. ದಾಖಲೆ ನಕಲಿ ಎಂಬ ಸೂಚನೆ ಅತ್ಯಂತ ಗಂಭೀರವಾದ ಆರೋಪ. ಪತ್ರ ಕೊಟ್ಟ ಸಂಸ್ಥೆಯೇ ಅದನ್ನು ತನ್ನದೆಂದು ಒಪ್ಪಿದ್ದರೆ, ಪತ್ರಗಳನ್ನು ಸಂಸ್ಥೆ ದೃಢಪಡಿಸಿದೆ ಎಂಬ ಒಂದು ಸಾಲು ಸಾಕು.

ವ್ಯವಸ್ಥಾಪಕಿ: ಪತ್ರಗಳು ತನ್ನವೇ ಎಂದು ಸಂಸ್ಥೆ ಒಪ್ಪಿದೆ. ಇನ್ನು ಮುಖ್ಯವಾದ ವಾಕ್ಯಕ್ಕೆ ಬರೋಣ. ಪಿಗ್ಮಿ ಹಣದ ವಿಷಯವಂತೂ ಊರಿನ ಮಾತಲ್ಲ, ಅದು ಕಡತದಲ್ಲಿಯೇ ಇದೆ. 2021ರ ಜುಲೈ 12, 13 ಮತ್ತು 14ರಂದು ಸಂಗ್ರಹಿಸಿದ 18,400 ರೂಪಾಯಿಗಳನ್ನು ಅಭ್ಯರ್ಥಿ ಜಮಾ ಮಾಡಿದ್ದು ಜುಲೈ 20ರಂದು. ಆ ಸಹಕಾರಿಯ ನಿಯಮದ ಪ್ರಕಾರ ಮರುದಿನವೇ ಕಟ್ಟಬೇಕಿತ್ತು. 21ರಂದು ಮೆಮೊ ಕೊಟ್ಟಿದ್ದಾರೆ, 24ರಂದು ಉತ್ತರ ಬಂದಿದೆ, ಆಗಸ್ಟ್ 2ರಂದು ಲಿಖಿತ ಎಚ್ಚರಿಕೆ ಕೊಟ್ಟು ವಿಷಯ ಮುಗಿಸಿದ್ದಾರೆ.

ವಕೀಲರು: ಇಲಾಖಾ ವಿಚಾರಣೆ ನಡೆಯಿತೇ? ಹಣವನ್ನು ಸ್ವಂತಕ್ಕೆ ಬಳಸಿದರೆಂದು ಆ ಎಚ್ಚರಿಕೆ ಪತ್ರದಲ್ಲಿ ಎಲ್ಲಿಯಾದರೂ ಇದೆಯೇ?

ವ್ಯವಸ್ಥಾಪಕಿ: ವಿಚಾರಣೆ ನಡೆದಿಲ್ಲ. ಪತ್ರದಲ್ಲಿರುವುದು, ಜಮಾ ಮಾಡುವುದರಲ್ಲಿ ವಿಳಂಬವಾಗಿದೆ, ಮರುಕಳಿಸಬಾರದು ಎಂದಷ್ಟೇ. ಪೂರ್ತಿ ಹಣ ಬಂದಿದೆ ಎಂದೂ ಇದೆ. ಆಮೇಲೆ ಇಂಥದ್ದು ಮತ್ತೆ ನಡೆಯಲಿಲ್ಲ ಎಂದು ಪ್ರಧಾನ ಕಚೇರಿಯವರು ಹೇಳಿದ್ದಾರೆ.

ವಕೀಲರು: ಹಾಗಿದ್ದರೆ ಆ ಸಂಸ್ಥೆಯೇ ತಲುಪದ ತೀರ್ಮಾನಕ್ಕೆ ಸಾರಾಂಶ ಬರೆದವರು ತಲುಪಿಬಿಟ್ಟಿದ್ದಾರೆ. ವಿಳಂಬ ಎಂಬುದು ತಾರೀಖುಗಳಿಂದ ಸಾಬೀತಾಗುವ ಸಂಗತಿ. ದುರುಪಯೋಗ ಎಂದರೆ ಹಣವನ್ನು ಅಪ್ರಾಮಾಣಿಕ ಉದ್ದೇಶದಿಂದ ಬೇರೆಡೆ ಬಳಸಿದರೆಂಬ ಅಪರಾಧದ ಆರೋಪ. ಅದಕ್ಕೆ ಆರೋಪಪಟ್ಟಿ, ಉತ್ತರಿಸಲು ಅವಕಾಶ, ಸಾಕ್ಷ್ಯ, ತೀರ್ಮಾನ ಇವೆಲ್ಲ ಬೇಕು. ಈ ಅಂತರವನ್ನು ಮರೆತುದರಿಂದಲೇ ಬೆಳೆದ ಒಂದು ಪ್ರಸಿದ್ಧ ಪ್ರಕರಣ ಇಂಗ್ಲೆಂಡಿನಲ್ಲಿದೆ: ಸ್ಪ್ರಿಂಗ್ ವಿರುದ್ಧ ಗಾರ್ಡಿಯನ್ ಅಶ್ಯೂರೆನ್ಸ್. ವಿಮೆ ಮಾರುವ ಕೆಲಸದಲ್ಲಿದ್ದವರೊಬ್ಬರ ಬಗ್ಗೆ ಹಿಂದಿನ ಕಂಪನಿ ಅವರ ಪ್ರಾಮಾಣಿಕತೆಯನ್ನೇ ಅಲ್ಲಗಳೆದು ಬರೆದುಕೊಟ್ಟಿತು, ಅವರಿಗೆ ಹೊಸ ಕೆಲಸ ತಪ್ಪಿತು. ನಡೆದದ್ದು ಅವಿವೇಕವೇ ಹೊರತು ಅಪ್ರಾಮಾಣಿಕತೆ ಅಲ್ಲ ಎಂದು ವಿಚಾರಣಾ ನ್ಯಾಯಾಧೀಶರು ಕಂಡುಕೊಂಡರು. ಬರೆದವರಲ್ಲಿ ದ್ವೇಷ ಇರಲಿಲ್ಲ, ಹಾಗಾಗಿ ದುರುದ್ದೇಶವನ್ನು ಆಧರಿಸಿದ ಬೇಡಿಕೆ ನಿಲ್ಲಲಿಲ್ಲ. ಆದರೂ 1994ರಲ್ಲಿ ಅಲ್ಲಿನ ಹೌಸ್ ಆಫ್ ಲಾರ್ಡ್ಸ್, ಹಿಂದಿನ ನೌಕರರ ಬಗ್ಗೆ ಬರೆದುಕೊಡುವವರಿಗೆ ಆ ನೌಕರರ ವಿಷಯದಲ್ಲಿಯೂ ಎಚ್ಚರಿಕೆ ವಹಿಸುವ ಕರ್ತವ್ಯವಿದೆ, ಅಲಕ್ಷ್ಯದಿಂದ ಬರೆದರೆ ಪರಿಹಾರಕ್ಕೆ ಹೊಣೆಯಾಗಬಹುದು ಎಂದು ಬಹುಮತದಿಂದ ತೀರ್ಪಿತ್ತಿತು. ಆ ತೀರ್ಪು ಇಲ್ಲಿನ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ, ವಾದದಲ್ಲಿ ಮನವೊಲಿಸುವ ತೂಕವಷ್ಟೇ ಅದಕ್ಕಿದೆ. ಆದರೆ ಅಲ್ಲಿ ನಡೆದ ತಪ್ಪು ಮತ್ತು ಈ ಕಾಗದದಲ್ಲಿರುವ ತಪ್ಪು ಒಂದೇ ಬಗೆಯವು.

ವ್ಯವಸ್ಥಾಪಕಿ: ಹಾಗಾದರೆ ಈ ವಾಕ್ಯವನ್ನು ತೆಗೆದುಬಿಡಬೇಕೇ? ಸಾರ್ವಜನಿಕರ ಹಣ ಮುಟ್ಟುವ ಕೆಲಸ ಇದು. ಸಮಿತಿಯಿಂದ ಇದನ್ನು ಮುಚ್ಚಿಟ್ಟರೆ ಠೇವಣಿದಾರರಿಗೆ ದ್ರೋಹವಾಗುತ್ತದೆ.

ವಕೀಲರು: ತೆಗೆಯಬಾರದು. ದುರುಪಯೋಗ ಎಂಬ ಪದ ಹೋಗಬೇಕು, ಘಟನೆ ಪೂರ್ತಿಯಾಗಿ ಉಳಿಯಬೇಕು: ತಾರೀಖುಗಳು, ಮೊತ್ತ, ನಿಯಮ, ಎಚ್ಚರಿಕೆ, ಹಣ ಪೂರ್ತಿ ಬಂದದ್ದು, ವಿಚಾರಣೆ ನಡೆಯದಿದ್ದದ್ದು, ಮರುಕಳಿಸದಿದ್ದದ್ದು. ಇವುಗಳಲ್ಲಿ ಕೊನೆಯ ಮೂರನ್ನು ಬಿಟ್ಟು ಮೊದಲಿನವನ್ನಷ್ಟೇ ಬರೆದರೆ ಪ್ರತಿಯೊಂದು ಪದವೂ ನಿಜವಾಗಿದ್ದು ಒಟ್ಟು ಚಿತ್ರ ಸುಳ್ಳಾಗುತ್ತದೆ. ಸಾರಾಂಶ ನ್ಯಾಯವಾಗಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆ ಇದೆ: ಅದನ್ನು ಓದಿದ ಸಮಿತಿಯ ಸದಸ್ಯರು ಆಮೇಲೆ ಮೂಲ ಕಡತ ನೋಡಿದರೆ ಅವರ ಅಭಿಪ್ರಾಯ ಬದಲಾಗಬಾರದು.

ವ್ಯವಸ್ಥಾಪಕಿ: ರಜೆಯ ವಿಷಯ ಹೇಳಿದವರು ಕೊಟ್ಟೂರಿನ ಶಾಖಾ ಮುಖ್ಯಸ್ಥರು. ತಾಯಿಯ ಚಿಕಿತ್ಸೆಗೆಂದು ಅಭ್ಯರ್ಥಿ ದಾವಣಗೆರೆಯ ಆಸ್ಪತ್ರೆಗೆ ಹೋಗಿಬರುತ್ತಿದ್ದರಂತೆ, ಕಾಯಿಲೆಯ ಹೆಸರನ್ನೂ ಹೇಳಿದ್ದಾರೆ; ಸಹಾಯಕರು ಅದನ್ನು ಟಿಪ್ಪಣಿಯಲ್ಲಿ ಬರೆದುಕೊಂಡಿದ್ದಾರೆ.

ವಕೀಲರು: ಆ ರಜೆಗಳು ಮಂಜೂರಾದವೋ, ಹೇಳದೆ ಕೇಳದೆ ಗೈರುಹಾಜರಾದವೋ?

ವ್ಯವಸ್ಥಾಪಕಿ: ಎಲ್ಲವೂ ಮಂಜೂರಾದವು.

ವಕೀಲರು: ಮಂಜೂರಾದ ರಜೆಯನ್ನು ಬಳಸಿದ್ದು ದೋಷವಲ್ಲ, ಹಾಗಾಗಿ ಅದು ಸಾರಾಂಶಕ್ಕೆ ಬರುವ ಸಂಗತಿಯೇ ಅಲ್ಲ. ಕಾಯಿಲೆಯ ಹೆಸರಂತೂ ಇನ್ನೊಬ್ಬ ಹೆಣ್ಣುಮಗಳ ಖಾಸಗಿ ವಿಷಯ, ಅವರು ಅರ್ಜಿಯನ್ನೂ ಹಾಕಿಲ್ಲ, ಒಪ್ಪಿಗೆಯನ್ನೂ ಕೊಟ್ಟಿಲ್ಲ. ಮದುವೆ, ಬಸುರು, ಜಾತಿ, ಧರ್ಮ, ಮನೆಯ ಜಗಳ, ಸಾಲ ಇವುಗಳ ಬಗ್ಗೆ ವಿಚಾರಿಸದೆಯೇ ಮಾಹಿತಿ ಬಂದರೂ ಅದನ್ನು ಸಾರಾಂಶಕ್ಕೆ ಸೇರಿಸಬಾರದು. ಕಾರ್ಮಿಕ ಇಲಾಖೆಯ ದೂರೂ ಇದೇ ಸಾಲಿಗೆ ಸೇರುತ್ತದೆ. ಅದು ಯಾತಕ್ಕಾಗಿ ಕೊಟ್ಟ ದೂರು?

ವ್ಯವಸ್ಥಾಪಕಿ: ಬಾಕಿ ಕಮಿಷನ್ ಬಂದಿಲ್ಲವೆಂದು. ಆಮೇಲೆ ಇತ್ಯರ್ಥವಾಯಿತಂತೆ.

ವಕೀಲರು: ದುಡಿದ ಹಣವನ್ನು ಕೇಳಲು ಕಾನೂನು ತೋರಿಸಿದ ದಾರಿಯಲ್ಲಿ ಹೋದದ್ದನ್ನು ಅಭ್ಯರ್ಥಿಯ ವಿರುದ್ಧ ಬರೆದರೆ, ಹಕ್ಕು ಚಲಾಯಿಸಿದ್ದಕ್ಕೆ ಶಿಕ್ಷೆ ಕೊಟ್ಟಂತೆ. ಅದು ಪೂರ್ತಿ ಹೋಗಬೇಕು. ಇನ್ನು "ಸಂಸ್ಥೆಯವರೇ ತೆಗೆದುಹಾಕಿದ್ದಾರೆ" ಎಂಬುದಕ್ಕೆ ಆಧಾರವೇನು?

ವ್ಯವಸ್ಥಾಪಕಿ: ಇಲ್ಲಿಯೇ ಗೊಂದಲವಿರುವುದು. ಬಿಡುಗಡೆ ಪತ್ರದಲ್ಲಿ ರಾಜೀನಾಮೆ ಅಂಗೀಕರಿಸಿ 2023ರ ಆಗಸ್ಟ್ 31ರಂದು ಬಿಡುಗಡೆ ಮಾಡಲಾಗಿದೆ ಎಂದಿದೆ. ಆದರೆ ಶಾಖಾ ಮುಖ್ಯಸ್ಥರು ಫೋನಿನಲ್ಲಿ, ರಾಜೀನಾಮೆ ಕೊಡಲು ನಾವೇ ಹೇಳಿದೆವು ಎಂದಿದ್ದಾರೆ.

ವಕೀಲರು: ಕಡತ ಒಂದು ಹೇಳಿ ಬಾಯಿಮಾತು ಇನ್ನೊಂದು ಹೇಳಿದಾಗ, ಸಾರಾಂಶ ಬರೆಯುವವರು ತೀರ್ಪುಗಾರರಾಗಿ ಒಂದನ್ನು ಆರಿಸಬಾರದು, ಎರಡನ್ನೂ ಬೆರೆಸಿ ಮೂರನೆಯದನ್ನು ಸೃಷ್ಟಿಸಲೂಬಾರದು. ಮಾಡಬೇಕಾದದ್ದು ಇಷ್ಟು: ಪ್ರಧಾನ ಕಚೇರಿಗೆ ಪತ್ರ ಬರೆದು, ಸೇವೆ ಕೊನೆಗೊಂಡದ್ದು ರಾಜೀನಾಮೆಯಿಂದಲೋ ಸಂಸ್ಥೆಯ ಕ್ರಮದಿಂದಲೋ, ಕ್ರಮವಾಗಿದ್ದರೆ ಆದೇಶದ ತಾರೀಖು ಮತ್ತು ಕಾರಣ ಏನು ಎಂದು ಕೇಳಬೇಕು. ಲಿಖಿತ ಉತ್ತರ ಬಂದರೆ ಅದನ್ನು ಬರೆಯಬೇಕು. ಬರದಿದ್ದರೆ, ಸಂಸ್ಥೆಯ ಪರವಾಗಿ ಮಾತನಾಡುವ ಅಧಿಕಾರವಿರುವವರು ಸಹಿ ಹಾಕಿ ಕೊಟ್ಟ ಬಿಡುಗಡೆ ಪತ್ರವೇ ನಿಲ್ಲಬೇಕು. ಒತ್ತಾಯದ ರಾಜೀನಾಮೆ ಎಂಬ ಮಾತು ಆ ಸಂಸ್ಥೆಯ ಮೇಲೂ ಒಂದು ಆರೋಪವೇ, ಅದನ್ನು ಆಧಾರವಿಲ್ಲದೆ ಬರೆದರೆ ಒಂದೇ ಸಾಲಿನಲ್ಲಿ ಇಬ್ಬರಿಗೂ ಅನ್ಯಾಯವಾಗುತ್ತದೆ.

ವ್ಯವಸ್ಥಾಪಕಿ: ಪತ್ರ ಕಳುಹಿಸಿ ಆಗಿದೆ. ರಾಜೀನಾಮೆಯಿಂದಲೇ ಸೇವೆ ಮುಗಿಯಿತು, ಬೇರೆ ಆದೇಶವಿಲ್ಲ ಎಂಬ ಉತ್ತರವೂ ಬಂದಿದೆ. ಒಂದು ಸಂಶಯ ಮಾತ್ರ ಉಳಿಯುತ್ತದೆ. ಮೂರನೆಯವರ ಮಾತನ್ನು ಪೂರ್ತಿ ತೆಗೆದರೂ, ಸಮಿತಿಯವರು ಎಚ್ಚರವಾಗಿರಲೆಂದು ಏನಾದರೂ ಸೂಚನೆ ಇಡಬಹುದೇ? "ಇನ್ನೂ ಕೆಲವು ವಿಷಯಗಳನ್ನು ಬರವಣಿಗೆಯಲ್ಲಿ ಹೇಳಲಾಗದು" ಎಂದೋ, "ಕಳ್ಳತನದ ಆರೋಪ ಇವರ ಮೇಲೆ ಸಾಬೀತಾಗಿಲ್ಲ" ಎಂದೋ?

ವಕೀಲರು: ಅದು ಮೊದಲಿನದಕ್ಕಿಂತ ಕೆಟ್ಟದ್ದು. ಮಾನಹಾನಿಯ ಕಲಮಿಗೆ ಕಾನೂನು ಮೊದಲು ಕೊಡುವ ನಿದರ್ಶನವೇ ಇದಕ್ಕೆ ಉತ್ತರ: ಇವರು ಪ್ರಾಮಾಣಿಕರು, ಇಂಥವರ ಗಡಿಯಾರವನ್ನು ಇವರು ಕದ್ದೇ ಇಲ್ಲ ಎಂದು, ಕದ್ದಿದ್ದಾರೆಂದು ಕೇಳುವವರು ನಂಬಲಿ ಎಂಬ ಉದ್ದೇಶದಿಂದ ಹೇಳಿದರೆ ಅದೂ ಮಾನಹಾನಿ. ಪದಗಳ ಮೇಲ್ಮೈ ಸೌಮ್ಯವಾಗಿದ್ದರೂ ಓದುವವರ ಮನಸ್ಸಿನಲ್ಲಿ ಏನು ಮೂಡುತ್ತದೆ ಎಂಬುದನ್ನೇ ಕಾನೂನು ನೋಡುತ್ತದೆ. ಯಾರೂ ಹೊರಿಸದ ಆರೋಪವನ್ನು ನಿರಾಕರಿಸುವುದು ಅದನ್ನು ಹೊರಿಸುವ ಇನ್ನೊಂದು ದಾರಿ. ಮೃದುಗೊಳಿಸುವುದು ಮದ್ದಲ್ಲ ಎಂದದ್ದು ಇದಕ್ಕೇ: ಕಟುವಾದ ಆರೋಪಕ್ಕೆ ಅಭ್ಯರ್ಥಿ ಉತ್ತರ ಕೊಡಬಲ್ಲರು, ಸೂಚ್ಯವಾದ ಮಾತಿಗೆ ಉತ್ತರ ಕೊಡಲು ಅವರಿಗೆ ಏನೂ ಸಿಗುವುದಿಲ್ಲ.

ವ್ಯವಸ್ಥಾಪಕಿ: ಶಾಖಾ ಮುಖ್ಯಸ್ಥರು ಹೇಳಿದ "ಚುರುಕು" ಎಂಬುದು ಅಭಿಪ್ರಾಯ. ಅದೂ ಹೋಗಬೇಕೇ?

ವಕೀಲರು: ಕಣ್ಣಾರೆ ಕಂಡವರ ಅಭಿಪ್ರಾಯಕ್ಕೆ ಬೆಲೆಯಿದೆ, ಅದು ಅಭಿಪ್ರಾಯವೆಂದು ತಿಳಿಯುವಂತೆ, ಯಾವುದರ ಮೇಲೆ ನಿಂತಿದೆ ಎಂಬುದರೊಂದಿಗೆ ಬರೆದರೆ ಸಾಕು. ಚುರುಕು ಎಂದರೆ ಏನೆಂದು ಅವರು ಹೇಳಿದ್ದಾರೆಯೇ?

ವ್ಯವಸ್ಥಾಪಕಿ: ದಿನವಹಿಯನ್ನು, ಅಂದರೆ ಆಯಾ ದಿನದ ಜಮಾ ಖರ್ಚಿನ ಪುಸ್ತಕವನ್ನು, ಅಂದಂದೇ ಮುಗಿಸುತ್ತಿದ್ದರು, ನಗದು ತಾಳೆಯಾಗದ ದಿನ ತಮ್ಮ ಗಮನಕ್ಕೆ ಬಂದಿಲ್ಲ ಎಂದಿದ್ದಾರೆ. ಸಾಲದ ಅರ್ಜಿಗಳ ಕಡತ ಜೋಡಿಸುವಲ್ಲಿ ಮಾತ್ರ ನಿಧಾನ, ಎರಡು ಮೂರು ಸಲ ನೆನಪಿಸಬೇಕಾಗುತ್ತಿತ್ತು ಎಂದೂ ಹೇಳಿದ್ದಾರೆ. ಅದನ್ನು ಸಹಾಯಕರು ಸಾರಾಂಶಕ್ಕೆ ತಂದೇ ಇಲ್ಲ.

ವಕೀಲರು: ನೋಡಿ, ಸಮಿತಿಗೆ ನಿಜವಾಗಿ ಬೇಕಾದ ಮಾಹಿತಿ ಟಿಪ್ಪಣಿಯಲ್ಲಿಯೇ ಉಳಿದು ಬೇಡವಾದದ್ದು ಸಾರಾಂಶಕ್ಕೆ ಬಂದಿದೆ. ಈಗ ಹೀಗೆ ಬರೆದುಕೊಳ್ಳಬಹುದು:

"ಅಭ್ಯರ್ಥಿಯ ಲಿಖಿತ ಒಪ್ಪಿಗೆಯ ಮೇರೆಗೆ ಹಿಂದಿನ ಸಂಸ್ಥೆಯ ಪ್ರಧಾನ ಕಚೇರಿಯ ವ್ಯವಸ್ಥಾಪಕರನ್ನು ಮತ್ತು ಕೊಟ್ಟೂರು ಶಾಖೆಯ ಮುಖ್ಯಸ್ಥರನ್ನು ವಿಚಾರಿಸಲಾಯಿತು. ಪ್ರಧಾನ ಕಚೇರಿಯ ಪತ್ರದ ಪ್ರಕಾರ ಅಭ್ಯರ್ಥಿ 3-6-2019ರಿಂದ 31-12-2021ರವರೆಗೆ ಕಮಿಷನ್ ಆಧಾರದ ಪಿಗ್ಮಿ ಸಂಗ್ರಾಹಕರಾಗಿ, 1-1-2022ರಿಂದ 31-8-2023ರವರೆಗೆ ಗುಮಾಸ್ತರಾಗಿ ಸೇವೆ ಸಲ್ಲಿಸಿದ್ದಾರೆ. ಹಾಜರುಪಡಿಸಿದ ಪತ್ರಗಳು ತನ್ನವೇ ಎಂದು ಸಂಸ್ಥೆ ದೃಢಪಡಿಸಿದೆ. ಸೇವೆಯು ರಾಜೀನಾಮೆಯಿಂದ ಕೊನೆಗೊಂಡಿದೆ. ಸಂಸ್ಥೆಯ ಕಡತದ ಪ್ರಕಾರ 2021ರ ಜುಲೈ 12, 13 ಮತ್ತು 14ರ ಸಂಗ್ರಹ 18,400 ರೂಪಾಯಿ ಜುಲೈ 20ರಂದು ಜಮಾ ಆಗಿದೆ. ನಿಯಮದಂತೆ ಆಯಾ ಸಂಗ್ರಹ ಮರುದಿನ ಜಮಾ ಆಗಬೇಕಿತ್ತು. ಉತ್ತರ ಪಡೆದ ನಂತರ 2-8-2021ರಂದು ಲಿಖಿತ ಎಚ್ಚರಿಕೆ ನೀಡಲಾಗಿದೆ. ಪೂರ್ತಿ ಮೊತ್ತ ಜಮಾ ಆಗಿದೆ, ವಿಚಾರಣೆ ನಡೆದಿಲ್ಲ, ಇಂಥ ವಿಳಂಬ ಮತ್ತೆ ಆಗಿಲ್ಲ ಎಂದು ಸಂಸ್ಥೆ ತಿಳಿಸಿದೆ. ಇಪ್ಪತ್ತು ತಿಂಗಳು ಅಭ್ಯರ್ಥಿಯ ಮೇಲ್ವಿಚಾರಣೆ ನಡೆಸಿದ ಶಾಖಾ ಮುಖ್ಯಸ್ಥರ ಅಭಿಪ್ರಾಯದಲ್ಲಿ, ದಿನವಹಿ ಮತ್ತು ನಗದು ತಾಳೆಯ ಕೆಲಸ ಸಕಾಲದಲ್ಲಿ ನಡೆಯುತ್ತಿತ್ತು. ಸಾಲದ ಕಡತಗಳ ಜೋಡಣೆಗೆ ಕೆಲವೊಮ್ಮೆ ನೆನಪಿಸಬೇಕಾಗುತ್ತಿತ್ತು."

ವ್ಯವಸ್ಥಾಪಕಿ: "ಇಂಥವರನ್ನು ತೆಗೆದುಕೊಳ್ಳುವುದು ಬೇಡ" ಎಂಬ ಶಿಫಾರಸು ಇದರಲ್ಲಿಲ್ಲ.

ವಕೀಲರು: ಇರಕೂಡದು. ವಿಚಾರಿಸಿದವರ ಕೆಲಸ ಸಂಗತಿಗಳನ್ನು ಮುಂದಿಡುವುದು, ತೂಗಿ ನೋಡುವುದು ಸಮಿತಿಯ ಕೆಲಸ. ಆದರೆ ಸಮಿತಿಗೆ ಹೋಗುವ ಮೊದಲು ಇನ್ನೊಂದು ಹೆಜ್ಜೆ ಇದೆ. ಜುಲೈ ತಿಂಗಳ ವಿಳಂಬದ ಸಂಗತಿಯನ್ನು ಅಭ್ಯರ್ಥಿಗೆ ತಿಳಿಸಿ ಅವರ ವಿವರಣೆಯನ್ನು ಬರವಣಿಗೆಯಲ್ಲಿ ಪಡೆದು, ಅದನ್ನು ಅವರ ಮಾತಿನಲ್ಲಿಯೇ ಸಾರಾಂಶದ ಕೆಳಗೆ ಸೇರಿಸಬೇಕು. ಖಾಸಗಿ ನೇಮಕಾತಿಯಲ್ಲಿ ಪ್ರತಿ ಬಾರಿಯೂ ಹೀಗೆ ಮಾಡಲೇಬೇಕೆಂಬ ಕಟ್ಟುಪಾಡು ಕಾನೂನಿನಲ್ಲಿಲ್ಲ. ಆದರೂ ಎಚ್ಚರಿಕೆ ಮತ್ತು ಗಮನದಿಂದ ಬರೆದದ್ದು ಎಂಬುದಕ್ಕೆ ಇದಕ್ಕಿಂತ ಬಲವಾದ ಪುರಾವೆ ಸಿಗುವುದು ಕಷ್ಟ, ಮತ್ತು ಎಷ್ಟೋ ಸಲ ತಪ್ಪು ಹೆಸರು, ತಪ್ಪು ತಾರೀಖು ಹೊರಬೀಳುವುದೂ ಈ ಹಂತದಲ್ಲಿಯೇ.

ವ್ಯವಸ್ಥಾಪಕಿ: ಸಮಿತಿಯಲ್ಲಿ ಮೂವರಿದ್ದಾರೆ. ಸಾಮಾನ್ಯವಾಗಿ ಇಂಥ ಕಾಗದಗಳನ್ನು ಕಚೇರಿಯ ವಾಟ್ಸಾಪ್ ಗುಂಪಿಗೆ ಹಾಕುವ ರೂಢಿಯಿದೆ, ಆ ಗುಂಪಿನಲ್ಲಿ ಎಲ್ಲ ಶಾಖೆಗಳ ಸಿಬ್ಬಂದಿಯೂ ಇದ್ದಾರೆ.

ವಕೀಲರು: ಹಾಗೆ ಮಾಡಿದ ಕ್ಷಣವೇ ಇಷ್ಟೆಲ್ಲ ತಿದ್ದಿದ್ದು ವ್ಯರ್ಥವಾಗಬಹುದು. ಹಿತರಕ್ಷಣೆಯ ವಿನಾಯಿತಿ ಇರುವುದು ತಿಳಿಯಬೇಕಾದವರಿಗೆ ತಿಳಿಸಿದ್ದಕ್ಕೆ. ನೇಮಕಾತಿಗೆ ಸಂಬಂಧವೇ ಇಲ್ಲದವರಿಗೆ ತಲುಪಿದ ಅದೇ ನಿಜವಾದ ವಾಕ್ಯ ಆ ರಕ್ಷಣೆಯ ಹೊರಗೆ ಬೀಳುತ್ತದೆ. ಮೂರು ಪ್ರತಿಗಳನ್ನು ತೆಗೆದು ಮುಚ್ಚಿದ ಲಕೋಟೆಯಲ್ಲಿ ಮೂವರಿಗೆ ಕೊಟ್ಟು, ಸಭೆ ಮುಗಿದ ಮೇಲೆ ವಾಪಸು ಪಡೆದು, ಒಂದನ್ನು ಮೂಲ ಟಿಪ್ಪಣಿಯೊಂದಿಗೆ ಕಡತದಲ್ಲಿಡಬೇಕು. ಬರಹದ ಮಾನಹಾನಿಗೆ ಸಿವಿಲ್ ದಾವೆ ಹೂಡಲು ಅದು ಪ್ರಕಟವಾದಂದಿನಿಂದ ಒಂದು ವರ್ಷ, ಕ್ರಿಮಿನಲ್ ಪ್ರಕರಣಕ್ಕೆ ಮೂರು ವರ್ಷ ಕಾಲಮಿತಿ ಇರುವುದರಿಂದ, ಅಷ್ಟು ಕಾಲ ಈ ಕಡತವನ್ನು ಬೀಗದಲ್ಲಿಟ್ಟು ಆಮೇಲೆ ನಾಶಪಡಿಸುವುದು ಸರಿಯಾದ ಕ್ರಮ. ತಾಯಿಯ ಕಾಯಿಲೆಯ ಹೆಸರಿರುವ ಸಾಲನ್ನು ಮಾತ್ರ ಟಿಪ್ಪಣಿಯಲ್ಲಿ ಈಗಲೇ ಓದಲಾಗದಂತೆ ಹೊಡೆದುಹಾಕಿ, ಹೊಡೆದುಹಾಕಿದ್ದಕ್ಕೆ ಕಾರಣವನ್ನು ಪಕ್ಕದಲ್ಲಿ ಬರೆದು ಸಹಿ ಹಾಕಬೇಕು.

ವ್ಯವಸ್ಥಾಪಕಿ: ಇಷ್ಟಾದ ಮೇಲೂ ಅಭ್ಯರ್ಥಿ ನ್ಯಾಯಾಲಯಕ್ಕೆ ಹೋಗಬಹುದಲ್ಲವೇ?

ವಕೀಲರು: ಹೋಗಬಹುದು, ಯಾವ ಬರಹವೂ ಅದನ್ನು ತಡೆಯಲಾರದು. ಬರೆದದ್ದು ಸದ್ಭಾವನೆಯಿಂದಲೋ ಅಲ್ಲವೋ ಎಂಬುದು ಕೊನೆಗೆ ಸಾಕ್ಷ್ಯದ ಮೇಲೆ ನ್ಯಾಯಾಧೀಶರು ತೀರ್ಮಾನಿಸುವ ಪ್ರಶ್ನೆ. ಆದರೆ ಮೊದಲಿನ ಕಾಗದ ಅಲ್ಲಿಗೆ ಹೋದರೆ ಪ್ರತಿ ಸಾಲಿಗೂ ಸಹಾಯಕರು ತಡವರಿಸಬೇಕಾಗುತ್ತದೆ. ಈ ಕಾಗದ ಹೋದರೆ ಪ್ರತಿ ಸಾಲಿನ ಹಿಂದೆಯೂ ಒಂದು ಪತ್ರವೋ, ತಾರೀಖು ಹಾಕಿದ ಟಿಪ್ಪಣಿಯೋ ನಿಲ್ಲುತ್ತದೆ. ಅದಕ್ಕಿಂತ ಮುಖ್ಯವಾದದ್ದು ಬೇರೆಯೇ ಇದೆ. ಮೊದಲಿನ ಕಾಗದ ಓದಿದ ಸಮಿತಿ ಅಭ್ಯರ್ಥಿಯನ್ನು ತಿರಸ್ಕರಿಸುತ್ತಿತ್ತು, ಏಕೆಂದು ಅವರಿಗೆ ಎಂದೂ ತಿಳಿಯುತ್ತಿರಲಿಲ್ಲ. ಈ ಕಾಗದ ಓದಿದ ಸಮಿತಿಯೂ ಠೇವಣಿದಾರರ ಹಣದ ದೃಷ್ಟಿಯಿಂದ ಬೇಡವೆನ್ನಬಹುದು, ಇಲ್ಲವೇ ಮೂರು ದಿನಗಳ ಸಂಗ್ರಹ ತಡವಾಗಿ ಜಮಾ ಆದದ್ದರ ಪಕ್ಕದಲ್ಲಿ ಇಪ್ಪತ್ತು ತಿಂಗಳ ಸರಿಯಾದ ನಗದು ತಾಳೆಯನ್ನಿಟ್ಟು ತೂಗಿ, ಆರು ತಿಂಗಳ ಪ್ರೊಬೇಷನ್ ಮೇಲೆ ತೆಗೆದುಕೊಳ್ಳಬಹುದು. ಎರಡರಲ್ಲಿ ಯಾವುದನ್ನು ಮಾಡಿದರೂ ಅದು ನಡೆದ ಸಂಗತಿಯ ಮೇಲೆ ನಿಂತ ತೀರ್ಮಾನವಾಗಿರುತ್ತದೆ, ಕಾರಣ ಕೇಳಿದವರಿಗೆ ಮುಖ ನೋಡಿ ಹೇಳಬಹುದಾದ ತೀರ್ಮಾನವೂ ಆಗಿರುತ್ತದೆ.